ರಕ್ಕಸತಂಗಡಿಯ ಸಾಕ್ಷಿಗಳು



ಈ ದತ್ತಿಯ ದಾನಿಗಳು ವಕೀಲಿಕೆ ಮಾಡಿದವರು. ಬಿಡುವಿನಲ್ಲಿ ಇತಿಹಾಸ ಓದುತ್ತಿದ್ದವರು ಎಂದು ಅವರ ಮನೆಯವರು ಹೇಳಿದರು. ಹಾಗಾಗಿ ಎರಡೂ ಕಸುಬುಗಳಿಗೆ ಸೇರಿದ ಒಂದು ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ. ಒಂದೇ ಘಟನೆಯನ್ನು ಹಲವರು ಹಲವು ಬಗೆಯಲ್ಲಿ ಹೇಳಿದಾಗ ಯಾರ ಮಾತನ್ನು ಎಷ್ಟರಮಟ್ಟಿಗೆ ನಂಬುವುದು? ಸಿದ್ಧಾಂತದ ಮಾತು ಬೇಡ. ಒಂದು ಮೊಕದ್ದಮೆಯನ್ನೇ ನಡೆಸೋಣ.

ಮೊಕದ್ದಮೆ ನಮಗೆಲ್ಲ ಗೊತ್ತಿರುವುದೇ. 1565ರ ಜನವರಿ 23ರಂದು ಕೃಷ್ಣಾ ನದಿಯ ದಂಡೆಯ ಬಯಲಿನಲ್ಲಿ ವಿಜಯನಗರದ ಸೇನೆ ದಖ್ಖನಿನ ಸುಲ್ತಾನರ ಕೂಟಕ್ಕೆ ಸೋತಿತು. ಮುದುಕ ರಾಮರಾಯ ಸೆರೆಸಿಕ್ಕಿ ತಲೆ ಕಳೆದುಕೊಂಡ. ತಾಳಿಕೋಟೆಯ ಕದನ ಎಂದು ಬಾಯಿಪಾಠ ಮಾಡಿದವರು ನಾವು. ತಾಳಿಕೋಟೆ ಸುಲ್ತಾನರು ಬಿಡಾರ ಹೂಡಿದ್ದ ಊರು, ನದಿಯಿಂದ ಬಹಳ ಉತ್ತರಕ್ಕಿದೆ. ಕದನ ನಡೆದದ್ದು ಅಲ್ಲಲ್ಲ. ರಕ್ಕಸಗಿ, ತಂಗಡಗಿ ಎಂಬ ಹೊಳೆದಂಡೆಯ ಹಳ್ಳಿಗಳ ಹೆಸರು ಸೇರಿ ರಕ್ಕಸತಂಗಡಿ ಆಯಿತು. ಇತಿಹಾಸಕಾರ ರಾಬರ್ಟ್ ಸೀವೆಲ್ ನದಿಯ ದಕ್ಷಿಣಕ್ಕೆ, ಇಂಗಳಗಿಯ ಕಡವಿನಿಂದ ಮುದಗಲ್ಲಿನ ಕಡೆಗೆ ಹೋಗುವ ಬಯಲನ್ನು ತೋರಿಸುತ್ತಾನೆ. ಕದನ ನಡೆದ ಜಾಗದ ಬಗ್ಗೆಯೇ ಸಾಕ್ಷಿಗಳಲ್ಲಿ ಇಷ್ಟು ಎಳೆದಾಟ ಇರುವಾಗ ಕದನ ಹೇಗೆ ನಡೆಯಿತು ಎಂಬುದರಲ್ಲಿ ಎಷ್ಟಿರಬೇಡ.

ನಾವು ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ. ವಿಜಯನಗರ ಸೋತದ್ದು ಅದರದೇ ಸೇನೆಯ ಇಬ್ಬರು ಮುಸ್ಲಿಂ ಸರದಾರರ ದ್ರೋಹದಿಂದಲೇ? ಹಂಪಿಯಲ್ಲಿ ಯಾವ ಗೈಡನ್ನು ಕೇಳಿದರೂ ಹೌದು ಎನ್ನುತ್ತಾನೆ. ಸಭೆಯಲ್ಲಿ ಅನೇಕರು ತಲೆದೂಗುತ್ತಿರುವುದೂ ಕಾಣುತ್ತಿದೆ. ಸ್ವಲ್ಪ ತಡೆಯಿರಿ.

ಆರೋಪಕ್ಕೆ ಮುಖ್ಯ ಸಾಕ್ಷಿ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ. ನಮ್ಮ ಪುಸ್ತಕಗಳಲ್ಲಿ ಸೀಸರ್ ಫ್ರೆಡರಿಕ್ ಎಂದು ಕಾಣಿಸಿಕೊಳ್ಳುವವನು ಇವನೇ. ಕದನವಾದ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದ. ಒಂದು ತಿಂಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ, ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ, ಏಳು ತಿಂಗಳು ಅಲ್ಲಿಯೇ ಉಳಿದ. ಊರಿಗೆ ಮರಳಿದ ಮೇಲೆ ಬರೆದ ಪುಸ್ತಕ 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಅವನ ಹೇಳಿಕೆಯ ಸಾರ ಹೀಗಿದೆ: ನಾಲ್ವರು ಸುಲ್ತಾನರು ಸೇರಿದರೂ ವಿಜಯನಗರವನ್ನು ಗೆಲ್ಲುವ ಶಕ್ತಿ ಅವರಿಗಿರಲಿಲ್ಲ. ರಾಜನ ಸೇನೆಯಲ್ಲಿ ಇಬ್ಬರು ಮುಸ್ಲಿಂ ಸರದಾರರಿದ್ದರು, ಒಬ್ಬೊಬ್ಬನ ಕೈಕೆಳಗೆ ಎಪ್ಪತ್ತು ಎಂಬತ್ತು ಸಾವಿರ ಜನ. ಅವರು ಶತ್ರುಗಳ ಜೊತೆ ಒಳಗೊಳಗೇ ಮಾತಾಡಿಕೊಂಡು, ಕಾಳಗ ಕಾವೇರಿದಾಗ ತಮ್ಮ ರಾಜನ ಮೇಲೆಯೇ ತಿರುಗಿಬಿದ್ದರು. ನಾಲ್ಕು ಗಂಟೆಯೊಳಗೆ ಎಲ್ಲ ಮುಗಿಯಿತು.

ಇದಕ್ಕೆ ಎದುರಾಗಿ ನಿಲ್ಲುವವನು ಫೆರಿಷ್ತಾ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಬರೆದವನು. ಕದನದ ಕಾಲಕ್ಕೆ ಇವನು ಎಳೆಯ ಹುಡುಗ ಇದ್ದಿರಬಹುದು, ಅಷ್ಟೇ. ಅವನ ಪ್ರಕಾರ ಮೊದಲು ವಿಜಯನಗರದವರ ಕೈ ಮೇಲಾಗಿತ್ತು. ಸುಲ್ತಾನರ ಎರಡೂ ಪಕ್ಕಗಳು ಹಿಂದೆ ಸರಿದವು. ನಡುವೆ ನಿಂತಿದ್ದ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ತೋಪುಗಳು ಕದನದ ದಿಕ್ಕು ಬದಲಿಸಿದವು. ಆ ಗಲಿಬಿಲಿಯಲ್ಲಿ ಒಂದು ಆನೆ ನುಗ್ಗಿ ಬಂತು. ಪಲ್ಲಕ್ಕಿ ಹೊತ್ತವರು ರಾಮರಾಯನನ್ನು ಕೆಳಗೆ ಹಾಕಿ ಓಡಿದರು. ಅವನು ಸೆರೆಯಾದ, ನಿಜಾಮ್ ಶಾಹ ತಲೆ ಕಡಿಸಿದ, ತಲೆಯನ್ನು ಈಟಿಯ ಮೇಲೆ ಎತ್ತಿ ಹಿಡಿದದ್ದನ್ನು ಕಂಡು ಸೇನೆ ಚದುರಿತು. ಇಬ್ಬರು ಸರದಾರರ ದ್ರೋಹದ ಸುದ್ದಿ ಈ ಕಥನದಲ್ಲಿಲ್ಲ.

ಇಬ್ಬರೂ ಕದನವನ್ನು ಕಣ್ಣಾರೆ ಕಂಡವರಲ್ಲ. ನ್ಯಾಯಾಲಯವಾಗಿದ್ದರೆ ಕೇಳಿದ ಮಾತು ಎಂದು ಇಬ್ಬರನ್ನೂ ಕಟಕಟೆಯಿಂದ ಇಳಿಸುತ್ತಿತ್ತೇನೋ. ಇತಿಹಾಸಕಾರನಿಗೆ ಆ ಅನುಕೂಲ ಇಲ್ಲ, ಇರುವ ಸಾಕ್ಷಿಗಳಲ್ಲೇ ಕೆಲಸ ಮಾಡಬೇಕು. ಆದರೆ ನ್ಯಾಯಾಲಯದಿಂದ ಒಂದು ವಿವೇಕವನ್ನು ಎರವಲು ತರಬಹುದು. 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳನ್ನು ಮೂರು ಬಗೆಯಾಗಿ ನೋಡಿತು: ಪೂರಾ ನಂಬಬಹುದಾದವರು, ಪೂರಾ ನಂಬಲಾಗದವರು, ಎರಡೂ ಅಲ್ಲದವರು. ಮೊದಲ ಬಗೆಯವನು ಒಬ್ಬನಿದ್ದರೂ ಸಾಕು, ಎರಡನೆಯ ಬಗೆಯವರು ಎಷ್ಟಿದ್ದರೂ ಪ್ರಯೋಜನವಿಲ್ಲ. ತೊಡಕು ಮೂರನೆಯ ಬಗೆಯಲ್ಲಿದೆ. ಅಲ್ಲಿ ಹೊರಗಿನ ಬೆಂಬಲ ಹುಡುಕಬೇಕು. ಒಂದು ಮಾತು ಸುಳ್ಳಾದರೆ ಎಲ್ಲ ಮಾತೂ ಸುಳ್ಳು ಎಂಬ ಹಳೆಯ ಲ್ಯಾಟಿನ್ ಸೂತ್ರವನ್ನೂ ನಮ್ಮ ನ್ಯಾಯಾಲಯಗಳು ಕಡ್ಡಾಯವೆಂದು ಒಪ್ಪಿಲ್ಲ. ಕಾಳು ಬೇರೆ, ಜೊಳ್ಳು ಬೇರೆ ಮಾಡುವುದು ನ್ಯಾಯಾಧೀಶನ ಹೊಣೆ. ಫೆದೆರಿಚಿಯೂ ಫೆರಿಷ್ತಾನೂ ಈ ಮೂರನೆಯ ಬಗೆಯವರು. ಹಾಗಾಗಿ ಸಾಕ್ಷಿಯನ್ನು ಇಡಿಯಾಗಿ ತೂಗದೆ ಅವನ ಒಂದೊಂದು ಹೇಳಿಕೆಯನ್ನೂ ಬೇರೆ ಬೇರೆ ತೂಗೋಣ.

ಮೊದಲು ಫೆದೆರಿಚಿಯ ಮಾತನ್ನು ನಾವು ಬೇರೆ ಕಡೆಯಿಂದ ಬಲ್ಲ ಸಂಗತಿಗಳ ಜೊತೆ ಇಟ್ಟು ನೋಡೋಣ. ಗೆದ್ದವರು ನಾಲ್ವರು ಎನ್ನುತ್ತಾನೆ. ಅವನ ಉಚ್ಚಾರದಲ್ಲಿ ಹೆಸರುಗಳು ಸೊಟ್ಟಗಾಗಿವೆ, ಆದರೆ ಗುರುತು ಸಿಗುತ್ತವೆ: ಆದಿಲ್ ಖಾನ, ನಿಜಾಮುಲ್ ಮುಲ್ಕ, ಕುತುಬುಲ್ ಮುಲ್ಕ, ಬರೀದ. ದಖ್ಖನಿನಲ್ಲಿ ಸುಲ್ತಾನರು ಐವರು. ಬೀರಾರಿನ ಇಮಾದ್ ಶಾಹ ಈ ಕೂಟ ಸೇರಲಿಲ್ಲ. ದೂರದ ಊರಿನ ವ್ಯಾಪಾರಿ ಇಂಥದನ್ನು ತಪ್ಪಿಲ್ಲದೆ ಹೇಳಿದ್ದಾನೆ ಎಂದರೆ ಅವನಿಗೆ ಸುದ್ದಿ ಕೊಟ್ಟವರಿಗೆ ವಿಷಯ ಗೊತ್ತಿತ್ತು. ನಿಜವಾದ ರಾಜನನ್ನು ಸೆರೆಯಲ್ಲಿಟ್ಟು ಮೂವರು ಅಣ್ಣತಮ್ಮಂದಿರು ಆಳುತ್ತಿದ್ದರು ಎನ್ನುತ್ತಾನೆ. ಸದಾಶಿವರಾಯನನ್ನು ಬೊಂಬೆಯಂತೆ ಕೂರಿಸಿ ರಾಮರಾಯ, ತಿರುಮಲ, ವೆಂಕಟಾದ್ರಿ ಆಳಿದ್ದು ನಿಜ. ಇದೂ ಸರಿ.

ಇನ್ನು ಸಂಖ್ಯೆಗೆ ಬನ್ನಿ. ಆ ಅಣ್ಣತಮ್ಮಂದಿರು ಮೂವತ್ತು ವರ್ಷ ಆಳಿದರು ಎನ್ನುತ್ತಾನೆ. ಅಚ್ಯುತರಾಯ ತೀರಿಕೊಂಡದ್ದು 1542ರಲ್ಲಿ. ಅಲ್ಲಿಂದ 1565ಕ್ಕೆ ಇಪ್ಪತ್ತಮೂರು ವರ್ಷ, ಹೆಚ್ಚಿಲ್ಲ. ಇಲ್ಲಿ ಸಾಕ್ಷಿಯ ಸ್ವಭಾವ ನಮಗೆ ಸಿಕ್ಕಿತು. ಯಾರು ಯಾರಿಗೆ ಏನಾಗಬೇಕು, ಯಾರು ಯಾವ ಪಕ್ಷ ಎಂಬುದನ್ನು ಸರಿಯಾಗಿ ಹೇಳುತ್ತಾನೆ, ಲೆಕ್ಕ ಬಂದಾಗ ಉಬ್ಬಿಸುತ್ತಾನೆ. ಹೀಗೆ ನಾವು ಪರೀಕ್ಷಿಸಬಹುದಾದ ಕಡೆ ಸಾಕ್ಷಿ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡಿ, ಪರೀಕ್ಷಿಸಲಾಗದ ಕಡೆ ಅವನನ್ನು ಎಷ್ಟು ನಂಬಬೇಕೆಂದು ಅಂದಾಜು ಮಾಡಬೇಕಾಗುತ್ತದೆ. ಎಪ್ಪತ್ತು ಎಂಬತ್ತು ಸಾವಿರದ ಲೆಕ್ಕವನ್ನು ಈ ಕಾರಣಕ್ಕೆ ಈಗಲೇ ಪಕ್ಕಕ್ಕಿಡುತ್ತೇನೆ. ಫೆರಿಷ್ತಾನಿಗೂ ಈ ಚಟ ಇದೆ. ವಿಜಯನಗರದ ಕಡೆ ಸತ್ತವರು ಲಕ್ಷಕ್ಕೆ ಮೇಲೆ ಎಂದುಬಿಡುತ್ತಾನೆ.

ಫೆದೆರಿಚಿ ತಾನು ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ದಾರದಲ್ಲಿ ಪೋಣಿಸುತ್ತಾನೆ, ಬಿಡಿಸಿ ನೋಡುವ ಕೆಲಸ ನಮ್ಮದು. ಅರಮನೆಗೆ ಒಂಬತ್ತು ಬಾಗಿಲು ಎಂದು ಎಣಿಸಿ ಹೇಳುತ್ತಾನೆ, ಅದು ಕಂಡದ್ದು. ಸುಲ್ತಾನರು ಆರು ತಿಂಗಳು ನಿಂತು ನೆಲ ಅಗೆದು ಹುದುಗಿಟ್ಟ ಹಣ ಹುಡುಕಿದರು ಎಂಬುದು ಕೇಳಿದ್ದು. ಊರು ಪೂರ್ತಿ ಹಾಳಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂಬುದು ಕಂಡದ್ದು. ಆ ಮನೆಗಳಲ್ಲಿ ಹುಲಿಗಳೂ ಕಾಡುಮೃಗಗಳೂ ವಾಸವಾಗಿವೆ ಎಂಬ ಮಾತಿಗೆ ಮಾತ್ರ, ಜನ ಹೇಳುತ್ತಾರೆ ಎಂಬ ಷರಾ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಇದೆ. ಏಳು ತಿಂಗಳು ಅಲ್ಲೇ ಇದ್ದವನು ಹುಲಿಯ ವಿಷಯಕ್ಕೆ ಜನರ ಬಾಯನ್ನು ಆಶ್ರಯಿಸಿದ್ದಾನೆ!

ಕಂಡು ಹೇಳಿದ್ದಕ್ಕೆ ನೆಲದ ಆಧಾರ ಸಿಗುತ್ತದೆ. ಹಂಪಿಯ ರಾಜಾವರಣದಲ್ಲಿ ಬೆಂಕಿಯ ಗುರುತುಗಳಿವೆ. ಮರದ ಮೇಲ್ಕಟ್ಟಡ ಉರಿದು ಕಲ್ಲಿನ ಜಗತಿಗಳಷ್ಟೇ ಉಳಿದಿವೆ. ಆದರೆ ಹಾನಿ ಎಲ್ಲ ಕಡೆ ಒಂದೇ ಸಮನಾಗಿಲ್ಲ. ವಿರೂಪಾಕ್ಷ ದೇವಾಲಯ ನಿಂತಿದೆ, ಹೇಮಕೂಟದ ಗುಡಿಗಳು ನಿಂತಿವೆ. ಹೆಚ್ಚು ಪೆಟ್ಟು ಬಿದ್ದದ್ದು ವೈಷ್ಣವ ದೇವಾಲಯಗಳಿಗೆ ಎಂದು ಅನಿಲಾ ವರ್ಗೀಸ್ ತೋರಿಸಿಕೊಟ್ಟಿದ್ದಾರೆ. 1900ರಲ್ಲಿ ಸೀವೆಲ್ ಬರೆದ, ದಿನದಿನವೂ ಕೊಡಲಿ ಹಾರೆ ಬೆಂಕಿ ಹಿಡಿದು ಇಡೀ ನಗರವನ್ನು ನುಚ್ಚುನೂರು ಮಾಡಿದರೆಂಬ ಪ್ರಸಿದ್ಧ ವರ್ಣನೆಗಿಂತ ಎರಡು ವರ್ಷದ ನಂತರ ಬಂದ ವ್ಯಾಪಾರಿಯ ಸಾದಾ ಮಾತೇ ನೆಲಕ್ಕೆ ಹತ್ತಿರ. ಕಂಡ ವಿಷಯದಲ್ಲಿ ಫೆದೆರಿಚಿ ಒಳ್ಳೆಯ ಸಾಕ್ಷಿ.

ದ್ರೋಹ ಅವನು ಕಂಡದ್ದಲ್ಲ. ಅದನ್ನು ಹೇಳಿದವರು ಯಾರು? 1567ರಲ್ಲಿ ಆ ಊರಿನಲ್ಲಿ ಉಳಿದಿದ್ದವರು, ಅಂದರೆ ಸೋತ ಕಡೆಯವರು. ತಿರುಮಲರಾಯ ಮರಳಿ ಬಂದು ಊರು ಕಟ್ಟಲು ನೋಡುತ್ತಿದ್ದ ಕಾಲ ಅದು. ದೊಡ್ಡ ಸೇನೆ ಅರ್ಧ ದಿನದಲ್ಲಿ ಕರಗಿ ಹೋಯಿತು ಎಂಬುದಕ್ಕೆ ಸೋತವರಿಗೆ ಒಂದು ವಿವರಣೆ ಬೇಕು. ನಮ್ಮ ದಂಡನಾಯಕರು ತಪ್ಪು ಮಾಡಿದರು, ಅವರ ತೋಪುಗಳು ನಮ್ಮವಕ್ಕಿಂತ ಚೆನ್ನಾಗಿದ್ದವು ಎನ್ನುವುದಕ್ಕಿಂತ ಒಳಗಿನವರು ಮೋಸ ಮಾಡಿದರು ಎನ್ನುವುದು ಸುಲಭ. ಫೆದೆರಿಚಿಗೆ ಸ್ವತಃ ತಿರುಮಲನ ಮೇಲೆ ಪ್ರೀತಿಯೇನೂ ಇರಲಿಲ್ಲ. ಗೋವೆಯಿಂದ ಕುದುರೆ ತರಿಸಿಕೊಂಡು ದುಡ್ಡು ಕೊಡದೆ ವ್ಯಾಪಾರಿಗಳನ್ನು ಬರಿಗೈಲಿ ಕಳಿಸಿದ ಎಂದು ಅವನನ್ನು ಬೈಯುತ್ತಾನೆ. ಹಾಗಾಗಿ ಸೋತವರ ಮಾನ ಉಳಿಸಲು ಅವನೇ ಈ ಕಥೆ ಕಟ್ಟಿದ ಎನ್ನಲಾಗದು. ಅವನು ಕೇಳಿದ್ದನ್ನು ಪ್ರಾಮಾಣಿಕವಾಗಿಯೇ ಬರೆದಿದ್ದಾನೆ. ಎರಡೇ ವರ್ಷದಲ್ಲಿ ವಿಜಯನಗರದಲ್ಲಿ ಈ ಮಾತು ಹಬ್ಬಿತ್ತು ಎಂಬುದು ಇದರಿಂದ ಖಂಡಿತ ಸಾಬೀತಾಗುತ್ತದೆ. ಹಬ್ಬಿದ್ದ ಮಾತು ನಿಜವೇ ಎಂಬುದು ಬೇರೆ ಪ್ರಶ್ನೆ. ಈ ಎರಡನ್ನು ಒಂದು ಮಾಡಿಕೊಳ್ಳುವುದೇ ನಮ್ಮ ಜನಪ್ರಿಯ ಬರಹಗಳ ದೊಡ್ಡ ದೋಷ. ಅಂದ ಹಾಗೆ, ಈಗ ಎಲ್ಲೆಡೆ ಓಡಾಡುವ ‘ಗಿಲಾನಿ ಸಹೋದರರು’ ಎಂಬ ಹೆಸರು ಫೆದೆರಿಚಿಯಲ್ಲಿ ಇಲ್ಲ. ಅವನು ಸರದಾರರಿಗೆ ಹೆಸರನ್ನೇ ಕೊಡುವುದಿಲ್ಲ.

ಈಗ ಹೊರಗಿನ ಬೆಂಬಲ. ಇಲ್ಲಿ ಒಂದು ಎಚ್ಚರ ಬೇಕು. ಹತ್ತು ಪುಸ್ತಕಗಳಲ್ಲಿ ದ್ರೋಹದ ಮಾತಿದ್ದರೆ ಹತ್ತು ಸಾಕ್ಷಿಗಳಾಗುವುದಿಲ್ಲ. ಆ ಹತ್ತೂ ಹಿಂದಕ್ಕೆ ಹೋಗಿ ಫೆದೆರಿಚಿಯ ಹತ್ತಿರವೇ ನಿಂತರೆ ಸಾಕ್ಷಿ ಒಬ್ಬನೇ. ಬಖೈರು, ಕೈಫಿಯತ್ತುಗಳು ಬರಹಕ್ಕಿಳಿದದ್ದು ಬಹಳ ತಡವಾಗಿ. ಅವುಗಳಲ್ಲಿ ಜನ ಏನು ನಂಬಿದ್ದರು ಎಂಬುದು ಸಿಗುತ್ತದೆ, ಕದನದ ಮಧ್ಯಾಹ್ನ ಏನಾಯಿತು ಎಂಬುದಕ್ಕೆ ಅವು ಹೊಸ ಸಾಕ್ಷಿಯಾಗಲಾರವು. ಫೆರಿಷ್ತಾನ ಕಡೆಗೂ ಇದೇ ಅಳತೆ. ಅವನು ಮೊದಲು ಅಹಮದ್‌ನಗರದಲ್ಲಿ ಬೆಳೆದು ಆಮೇಲೆ ಬಿಜಾಪುರಕ್ಕೆ ಬಂದವನು. ಗೆದ್ದ ಆಸ್ಥಾನಗಳ ಚರಿತ್ರೆಗಳು ಒಂದನ್ನೊಂದು ಹೋಲಿದರೆ ಅಚ್ಚರಿಪಡಬೇಕಿಲ್ಲ.

ನಿಜವಾದ ಬೆಂಬಲ ಹೇಗಿರುತ್ತದೆ ಎಂದು ತೋರಿಸಲು ರಾಮರಾಯನ ಸಾವನ್ನು ತೆಗೆದುಕೊಳ್ಳೋಣ. ಪೋರ್ಚುಗೀಸ್ ಚರಿತ್ರಕಾರ ದಿಯೋಗೊ ದೊ ಕೌಟೊ 1559ರಲ್ಲೇ ಭಾರತಕ್ಕೆ ಬಂದವನು, ಮುಂದೆ ಗೋವೆಯ ದಾಖಲೆ ಭಂಡಾರವನ್ನು ನೋಡಿಕೊಂಡವನು. ಬಿಜಾಪುರದ ಆಸ್ಥಾನಕ್ಕೂ ಅವನಿಗೂ ಒಂದೇ ಮೂಲದಿಂದ ಸುದ್ದಿ ಬರುವ ಸಂಭವ ಕಡಿಮೆ. ಅವನು ಹೇಳುವಂತೆ ನಿಜಾಮ್ ಶಾಹ ತನ್ನ ಕೈಯಾರೆ ರಾಮರಾಯನ ತಲೆ ಕಡಿದ. ಕಡಿಯಲು ಅಪ್ಪಣೆ ಕೊಟ್ಟ ಎಂಬುದು ಫೆರಿಷ್ತಾನ ಮಾತು. ಅಹಮದ್‌ನಗರದಲ್ಲೇ ರಚನೆಯಾದ, ಆಫ್ತಾಬಿ ಎಂಬ ಕವಿಯ ‘ತಾರೀಫ್-ಇ-ಹುಸೇನ್ ಶಾಹಿ’ ಹಸ್ತಪ್ರತಿ ಪುಣೆಯಲ್ಲಿದೆ. ರಾಮರಾಯನ ಶಿರಚ್ಛೇದದ ಚಿತ್ರ ಅದರಲ್ಲಿದೆ. ಹುಸೇನ್ ಶಾಹ 1565ರಲ್ಲೇ ಸತ್ತ, ಆದ್ದರಿಂದ ಅವನ ಹೊಗಳಿಕೆಗೆ ಹೊರಟ ಈ ಕೃತಿ ಕದನಕ್ಕೆ ತೀರ ಹತ್ತಿರದ್ದು. ಗೆದ್ದ ಆಸ್ಥಾನಗಳಿಗೆ ಸಂಬಂಧವಿಲ್ಲದ ಕೌಟೊನೂ ಸೇರಿ ಮೂರು ಕಡೆಯವರು ಒಂದೇ ತಿರುಳನ್ನು ಹೇಳುತ್ತಿದ್ದಾರೆ: ಸೆರೆಸಿಕ್ಕ, ನಿಜಾಮ್ ಶಾಹನ ಮುಂದೆ ಬಂದ, ತಲೆ ಹೋಯಿತು. ಕೈಯಾರೆಯೋ ಅಪ್ಪಣೆಯಿಂದಲೋ ಎಂಬ ಭೇದ ಉಳಿಯಿತು. ಈ ಭೇದ ಸಾಕ್ಷ್ಯವನ್ನು ಕೆಡಿಸುವುದಿಲ್ಲ. ಒಬ್ಬರನ್ನೊಬ್ಬರು ನಕಲು ಮಾಡಿಲ್ಲ ಎಂಬುದಕ್ಕೆ ಅದು ಪುರಾವೆ. ಎಲ್ಲರೂ ಅಕ್ಷರ ಅಕ್ಷರ ಒಂದೇ ಹೇಳಿದ್ದರೆ ಅನುಮಾನಪಡಬೇಕಿತ್ತು, ಪಾಠ ಒಪ್ಪಿಸುವ ಸಾಕ್ಷಿಯನ್ನು ಕಂಡ ಯಾವ ವಕೀಲರಿಗೂ ಇದು ಗೊತ್ತು.

ದ್ರೋಹಕ್ಕೆ ಇಂಥ ಬೆಂಬಲ ಸಿಗುವುದಿಲ್ಲ. ಫೆರಿಷ್ತಾನ ಮೌನ ಮಾತ್ರ ಇದೆ. ಮೌನಕ್ಕೆ ತೂಕ ಬರುವುದು ಆ ಮನುಷ್ಯ ಹೇಳಲೇಬೇಕಾಗಿದ್ದನ್ನು ಹೇಳದಿದ್ದಾಗ. ಗೆಲುವನ್ನು ಶೌರ್ಯದ ಲೆಕ್ಕಕ್ಕೆ ಹಾಕಲು ಅವನು ದ್ರೋಹವನ್ನು ಮುಚ್ಚಿಟ್ಟನೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಇವನೇ ಸುಲ್ತಾನರ ಒಂದು ತಂತ್ರವನ್ನು ಬಿಚ್ಚಿ ಹೇಳುತ್ತಾನೆ. ಕೃಷ್ಣೆಯ ಕಡವನ್ನು ವಿಜಯನಗರದವರು ಭದ್ರಪಡಿಸಿದ್ದರು. ಸುಲ್ತಾನರು ಬೇರೆ ಕಡವಿಗೆ ಹೋಗುವವರಂತೆ ನದಿಯುದ್ದಕ್ಕೂ ಕೆಲವು ದಿನ ನಡೆದರು, ಆಚೆ ದಂಡೆಯವರು ಅವರನ್ನೇ ಅನುಸರಿಸಿ ಜಾಗ ಬಿಟ್ಟರು, ಆಗ ಇವರು ತಟ್ಟನೆ ತಿರುಗಿ ಬಂದು ಹೊಳೆ ದಾಟಿದರು. ಮೋಸಗೊಳಿಸಿ ಗೆದ್ದದ್ದನ್ನು ಹೇಳಲು ನಾಚದವನು ಶತ್ರುವಿನ ಸರದಾರರನ್ನು ಒಲಿಸಿಕೊಂಡದ್ದನ್ನು ಮುಚ್ಚಿಡಬೇಕಾದ ಕಾರಣ ದುರ್ಬಲ. ಆ ಕಾಲದ ದಖ್ಖನಿನಲ್ಲಿ ಪಕ್ಷ ಬದಲಿಸುವುದು ನಿತ್ಯದ ಮಾತು. ಅದನ್ನು ಬರೆಯಲು ಯಾರಿಗೂ ಮುಜುಗರ ಇರಲಿಲ್ಲ. ಹಾಗಾಗಿ ಈ ಮೌನಕ್ಕೆ ಸ್ವಲ್ಪ ತೂಕ ಇದೆ ಎಂದು ನನ್ನ ಎಣಿಕೆ, ಪೂರ್ತಿ ತೂಕ ಅಲ್ಲ.

ಕೊನೆಯದಾಗಿ ಸಂಭವನೀಯತೆ. ಇದು ಬಹಳ ಜಾರುವ ಅಳತೆ. ಫೆರಿಷ್ತಾ ಒಂದು ಕಡೆ ತೋಪುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಹಾರಿಸಿದರು, ತೋಪಿನ ಬಾಯಿಯ ಹತ್ತಿರವೇ ಐದು ಸಾವಿರ ಜನ ಬಿದ್ದರು ಎನ್ನುತ್ತಾನೆ. ಮೊದಲ ಸಲ ಓದಿದವರಿಗೆ ಇದು ಕಟ್ಟುಕಥೆ ಅನ್ನಿಸುತ್ತದೆ. ತೋಪಿನ ಕೆಲಸ ಬಲ್ಲವರಿಗೆ ಹಾಗೆ ಅನ್ನಿಸದು. ಹತ್ತಿರ ಬಂದ ಗುಂಪಿನ ಮೇಲೆ ಒಂದು ದೊಡ್ಡ ಗುಂಡಿಗಿಂತ ಚಿಕ್ಕ ಚಿಕ್ಕ ಲೋಹದ ಚೂರುಗಳು ಹೆಚ್ಚು ಜನರನ್ನು ಕೆಡವುತ್ತವೆ. ತಾಮ್ರದ ನಾಣ್ಯ ಅಂಥ ಚೂರೇ. ನಿಜಾಮ್ ಶಾಹನ ನೂರಾರು ತೋಪುಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದ ಚೆಲೆಬಿ ರೂಮಿ ಖಾನನಿಗೆ ಇದು ಗೊತ್ತಿರದೆ ಇರುತ್ತಿತ್ತೆ? ವಿಚಿತ್ರವಾಗಿ ಕಂಡ ಮಾತು ತಾಂತ್ರಿಕವಾಗಿ ಗಟ್ಟಿಯಾಗಿದೆ. ಐದು ಸಾವಿರ ಎಂಬ ಲೆಕ್ಕವನ್ನು ನಾನು ಬೇಕಾದರೆ ಬಿಡುತ್ತೇನೆ, ನಾಣ್ಯದ ಚೀಲವನ್ನು ಬಿಡುವುದಿಲ್ಲ.

ದ್ರೋಹದ ಕಥೆಗೆ ಇದಕ್ಕೆ ವಿರುದ್ಧವಾದ ತೊಂದರೆ ಇದೆ. ಅದು ಕೇಳಿದ ಕೂಡಲೇ ನಂಬಬೇಕು ಅನ್ನಿಸುತ್ತದೆ. ಧರ್ಮ ಒಂದೇ ಆದ್ದರಿಂದ ಆ ಕಡೆ ಸೇರಿದರು ಎಂಬ ವಿವರಣೆ ಫೆದೆರಿಚಿಯದೇ, ನಮ್ಮ ಕಾಲದವರಿಗೂ ಒಪ್ಪಿಗೆಯಾಗುವಂಥದು. ಆದರೆ ನಮಗೆ ಒಪ್ಪಿಗೆಯಾಗುವುದು ಬೇರೆ, ಆ ಕಾಲದಲ್ಲಿ ಆಗಬಹುದಾಗಿದ್ದದ್ದು ಬೇರೆ. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸೈನಿಕರು ಇಮ್ಮಡಿ ದೇವರಾಯನ ಕಾಲದಿಂದಲೂ ಇದ್ದರು. 1551ರ ಬೇವಿನಹಳ್ಳಿ ಶಾಸನದಲ್ಲಿ ಐನುಲ್ ಮುಲ್ಕ ಎಂಬ ಸರದಾರ ಬಿನ್ನವಿಸಿಕೊಂಡದ್ದರಿಂದ ಬ್ರಾಹ್ಮಣರಿಗೆ ದತ್ತಿ ನಡೆಯಿತು. ರಾಮರಾಯನೇ ಹರೆಯದಲ್ಲಿ ಗೋಲ್ಕೊಂಡೆಯ ಸುಲ್ತಾನನ ಕೈಕೆಳಗೆ ಚಾಕರಿ ಮಾಡಿದ್ದನೆಂದು ಗೋಲ್ಕೊಂಡೆಯ ಚರಿತ್ರೆ ಹೇಳುತ್ತದೆ. ಬಿಜಾಪುರದ ಅಲಿ ಆದಿಲ್ ಶಾಹ ಮಗ ಸತ್ತ ದುಃಖದಲ್ಲಿದ್ದ ರಾಮರಾಯನನ್ನು ಸಂತೈಸಲು ವಿಜಯನಗರಕ್ಕೇ ಹೋದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಫೆರಿಷ್ತಾ ಬರೆಯುತ್ತಾನೆ. ಉಪ್ಪು ತಿಂದ ಋಣ, ಸಂಬಳ, ಜಹಗೀರು, ಹಳೆಯ ಹಗೆ, ಇವೆಲ್ಲ ಅಲ್ಲಿ ಕೆಲಸ ಮಾಡುತ್ತಿದ್ದವು. ಅಂಥ ಲೋಕದಲ್ಲಿ ಸರದಾರನೊಬ್ಬ ಕಾಳಗದ ನಡುವೆ ಪಕ್ಷ ಬದಲಿಸುವುದು ಖಂಡಿತ ಸಾಧ್ಯ. ಧರ್ಮ ಒಂದೇ ಎಂಬ ಕಾರಣಕ್ಕೆ ಬದಲಿಸಿಯೇ ಬದಲಿಸುತ್ತಾನೆ ಎನ್ನಲು ಮಾತ್ರ ಆಧಾರವಿಲ್ಲ. ಒಂದೂವರೆ ಲಕ್ಷ ಜನ ಒಮ್ಮೆಗೇ ತಿರುಗಿಬಿದ್ದಿದ್ದರೆ, ಮೊದಲು ಹಿಂದೆ ಸರಿದ ಸುಲ್ತಾನರ ಪಕ್ಕಗಳಿಗೆ ತೋಪಿನ ರಕ್ಷಣೆಯೇ ಬೇಕಾಗುತ್ತಿರಲಿಲ್ಲ.

ಇನ್ನೊಂದು ಮಾತು. ಸೋಲನ್ನು ವಿವರಿಸಲು ದ್ರೋಹ ಅಗತ್ಯವೇ? ಕೌಟೊ ರಾಮರಾಯನ ವಯಸ್ಸು 96 ಎನ್ನುತ್ತಾನೆ. ಅದನ್ನು ನಂಬದಿದ್ದರೂ ಅವನು ಕುದುರೆಯೇರದೆ ಪಲ್ಲಕ್ಕಿಯಿಂದ ಸೇನೆ ನಡೆಸುತ್ತಿದ್ದ ಮುದುಕ ಎಂಬುದು ನಿಜ. ಇಡೀ ಸೇನೆಯ ಧೈರ್ಯ ಅವನೊಬ್ಬನ ಮೇಲೆ ನಿಂತಿತ್ತು. ತೋಪಿನ ಪೆಟ್ಟು, ಪಲ್ಲಕ್ಕಿ ಕೆಳಗೆ ಬಿದ್ದದ್ದು, ಈಟಿಯ ಮೇಲಿನ ತಲೆ, ಇಷ್ಟರಿಂದಲೇ ಸೇನೆ ಚದುರಿದ್ದು ಅರ್ಥವಾಗುತ್ತದೆ. ಫೆದೆರಿಚಿ ಹೇಳುವ ನಾಲ್ಕು ಗಂಟೆಗೂ ಇದು ಹೊಂದುತ್ತದೆ.

ನನ್ನ ತೀರ್ಪು ಇಷ್ಟು. ರಾಮರಾಯ ಸೆರೆಯಾಗಿ ನಿಜಾಮ್ ಶಾಹನಿಂದ ಸತ್ತದ್ದು ಸಾಬೀತಾಗಿದೆ. ಅಹಮದ್‌ನಗರದ ತೋಪುಗಳೇ ಕದನವನ್ನು ತಿರುಗಿಸಿದವು ಎಂಬುದು ಬಹುಮಟ್ಟಿಗೆ ಸಾಬೀತಾಗಿದೆ. ಸೋತವರು ಎರಡು ವರ್ಷದೊಳಗೆ ದ್ರೋಹದ ಮಾತಾಡುತ್ತಿದ್ದರು ಎಂಬುದೂ ಸಾಬೀತಾಗಿದೆ. ಸಣ್ಣ ತುಕಡಿಯೊಂದು ಪಕ್ಷ ಬದಲಿಸಿರಬಹುದು, ಅದನ್ನು ನಾನು ಅಲ್ಲಗಳೆಯಲಾರೆ. ಇಬ್ಬರು ಸರದಾರರು ಒಂದೂವರೆ ಲಕ್ಷ ಜನರೊಡನೆ ತಿರುಗಿಬಿದ್ದು ವಿಜಯನಗರವನ್ನು ಕೆಡವಿದರು ಎಂಬ ಆರೋಪ ಒಬ್ಬನೇ ಸಾಕ್ಷಿಯ, ಅದೂ ಕೇಳಿದ ಮಾತಿನ, ಅದೂ ಲೆಕ್ಕದಲ್ಲಿ ನಂಬಲಾಗದವನ ಮೇಲೆ ನಿಂತಿದೆ. ಆ ಆರೋಪ ಸಾಬೀತಾಗಿಲ್ಲ.